ಪಾಯಸ ಎರಡು ಸಲ ಹಾಕಿಸಿಕೊಂಡವನು ಇಬ್ಬರಾಗುತ್ತಾನಾ?

ಬೆಳಿಗ್ಗೆ ಮೀಟಿಂಗ್‌ನಲ್ಲಿ ನಮ್ಮ ಹೊಸ ಹುಡುಕಾಟದ ಪುಟಕ್ಕೆ ಚಪ್ಪಾಳೆ ಬಿತ್ತು. ಬಸ್ ಟಿಕೆಟ್ ಆ್ಯಪ್‌ನ ಫನಲ್‌ನಲ್ಲಿ, ಅಂದ್ರೆ ಹುಡುಕಾಟ, ಸೀಟ್, ಪೇಮೆಂಟ್, ಟಿಕೆಟ್ ಅಂತ ಒಂದೊಂದು ಹೆಜ್ಜೆಗೂ ಎಷ್ಟು ಜನ ಬಂದರು ಅನ್ನೋ ಲೆಕ್ಕದಲ್ಲಿ, ಹುಡುಕಾಟದಿಂದ ಟಿಕೆಟ್‌ವರೆಗೆ ಕನ್ವರ್ಷನ್ 42%! ನನಗೆ ಮಾತ್ರ ಹೊಟ್ಟೆ ಉರಿಯಿತು. ಯಾಕಂದ್ರೆ ಅದೇ ಸ್ಲೈಡ್‌ನಲ್ಲಿ ಪೇಮೆಂಟ್‌ನಿಂದ ಟಿಕೆಟ್‌ಗೆ 120% ಅಂತಲೂ ಇತ್ತು. ದುಡ್ಡು ಕಟ್ಟುವ ಪುಟಕ್ಕೆ 100 ಜನ ಹೋದರೆ 120 ಜನ ಟಿಕೆಟ್ ಹಿಡಿದು ಹೊರಗೆ ಬರುತ್ತಾರಂತೆ. ಯಾರೂ ಕೇಳಲಿಲ್ಲ.

ಸಂಜೆವರೆಗೆ ಕೂತು ನೋಡಿದೆ. ಹುಡುಕಿದವರು 1000 ಜನ. ಟಿಕೆಟ್ ಪುಟದ ಲೆಕ್ಕ ಹೀಗಿತ್ತು, ಮೊದಲ ಸಾಲು ಎಲ್ಲ ದಾಖಲೆಗಳ ಎಣಿಕೆ, ಎರಡನೆಯದು ಒಬ್ಬರನ್ನು ಒಮ್ಮೆ ಮಾತ್ರ ಎಣಿಸಿದ್ದು:

```sql
COUNT(*)                 -- 420
COUNT(DISTINCT user_id)  -- 240
```

ಟಿಕೆಟ್ ಪುಟ ತೆರೆದಾಗಲೆಲ್ಲ ಒಂದು ಈವೆಂಟ್ ದಾಖಲಾಗುತ್ತದೆ. ಜನ ಬುಕ್ ಮಾಡಿದಾಗ ಒಮ್ಮೆ ನೋಡುತ್ತಾರೆ, ಸೀಟ್ ನಂಬರ್ ಮರೆತು ಇನ್ನೊಮ್ಮೆ, ಕಂಡಕ್ಟರ್‌ಗೆ ತೋರಿಸಲು ಮತ್ತೊಮ್ಮೆ. ನಾವು ಮೂರು ಗಿರಾಕಿ ಅಂತ ಬರೆದುಕೊಂಡಿದ್ದೇವೆ. ಮದುವೆ ಊಟದಲ್ಲಿ ಎಲೆ ಎಣಿಸಬೇಕು ಕಣ್ರೀ, ಪಾಯಸದ ಸೌಟನ್ನಲ್ಲ.

ಸರಿ, 24% ಅಂತಲಾದರೂ ಹೇಳಬಹುದಾ? ಅದೂ ಇಲ್ಲ. ಆ 240ರಲ್ಲಿ 60 ಜನ ಹುಡುಕಿಯೇ ಇಲ್ಲ. ಮನೆಯವರು ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿ ನೇರ ಪೇಮೆಂಟ್‌ಗೆ ಬಂದವರು. ಒಂದೊಂದು ಹೆಜ್ಜೆಯಲ್ಲೂ ಜನರನ್ನು ಬೇರೆ ಬೇರೆಯಾಗಿ ಎಣಿಸಿದರೆ ಇವರೂ ಸಲೀಸಾಗಿ ಸೇರಿಕೊಳ್ಳುತ್ತಾರೆ. ಹುಡುಕಿ, ಸೀಟ್ ಆರಿಸಿ, ದುಡ್ಡು ಕಟ್ಟಿ, ಟಿಕೆಟ್ ಪಡೆದವರು 180. ಅಂದ್ರೆ 18%.

"ಕ್ರಮ ಹೇಗಾದರೂ ಇರಲಿ, ದುಡ್ಡು ಬಂತಲ್ವಾ?" ಅಂತ ಒಬ್ಬರು. ಬಂತು ಸ್ವಾಮಿ, ಮಾರಾಟದ ಲೆಕ್ಕಕ್ಕೆ 240 ಸರಿಯೇ. ಆದರೆ ನೀವು ಹೊಗಳುತ್ತಿರುವುದು ಹೊಸ ಹುಡುಕಾಟದ ಪುಟವನ್ನು. ಆ ಪುಟದ ಮುಖವನ್ನೇ ನೋಡದವರ ದುಡ್ಡನ್ನು ಅದರ ಖಾತೆಗೆ ಯಾಕೆ ಬರೀತೀರಿ?

ನಾನೇನು ಸಾಚಾ ಅಲ್ಲ. ಆ `COUNT(*)` ಎರಡು ವರ್ಷದ ಹಿಂದೆ ನಾನೇ ಬರೆದದ್ದು. ಇವತ್ತು ಸರಿಮಾಡಲು ಹೋಗಿಯೂ ಮೊದಲು ಎಡವಿದೆ. ಪ್ರತಿ ಹೆಜ್ಜೆಯ ಮೊಟ್ಟಮೊದಲ ಸಮಯವನ್ನು `MIN` ಹಾಕಿ ತೆಗೆದು ಹೋಲಿಸಿದೆ. ಆಗ ನಮ್ಮ ಚಿಕ್ಕಮ್ಮನಂಥವರು ಬಿಟ್ಟುಹೋದರು. ಸೋಮವಾರ ಮಗ ಕಳಿಸಿದ ಲಿಂಕ್‌ನಿಂದ ಪೇಮೆಂಟ್ ಪುಟ ನೋಡಿ, ಹೆದರಿ ಮುಚ್ಚಿದ್ದಾರೆ. ಮಂಗಳವಾರ ತಾವೇ ಹುಡುಕಿ ನೀಟಾಗಿ ಬುಕ್ ಮಾಡಿದ್ದಾರೆ. ಮೊದಲ ಪೇಮೆಂಟ್ ಹುಡುಕಾಟಕ್ಕಿಂತ ಹಿಂದಿನದು, ಹಾಗಾಗಿ ನನ್ನ ಕ್ವೆರಿ ಅವರನ್ನು ಹೊರಗೆ ಹಾಕಿತು. ಬೇಕಾದದ್ದು ಹುಡುಕಿದ ಮೇಲೆ ಬಂದ ಮೊದಲ ಸೀಟ್ ಆಯ್ಕೆ, ಅದರ ನಂತರದ ಮೊದಲ ಪೇಮೆಂಟ್, ಆಮೇಲೆ ಟಿಕೆಟ್, ಅದೂ ಏಳು ದಿನದ ಒಳಗೆ. ಗಡುವು ಇಡದಿದ್ದರೆ ಯುಗಾದಿಗೆ ಹುಡುಕಿ ದೀಪಾವಳಿಗೆ ಹೋದವರೂ ಒಂದೇ ಪ್ರಯಾಣ ಆಗಿಬಿಡುತ್ತಾರೆ.

18 ತೋರಿಸಿದೆ. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ನಿದ್ದು, "ಈ ತಿಂಗಳು 42 ಇರಲಿ, ಮುಂದಿನ ತಿಂಗಳಿಂದ ಬದಲಾಯಿಸೋಣ್ವಾ?" ಅಂದರು. ಮುಂದಿನ ತಿಂಗಳು "ಯಾಕೆ ಇಷ್ಟು ಇಳಿಯಿತು" ಅಂತ ನನ್ನನ್ನೇ ಕೇಳ್ತಾರೆ, ನೋಡ್ತಾ ಇರಿ.