ಚಾರ್ಜರ್ ಬದಲಿಸುವ ಮುನ್ನ ಶೇ. 80ಕ್ಕೆ ನಿಲ್ಲಿಸಿ ನೋಡಿ

ಫೋನ್ ಬ್ಯಾಟರಿ ಎರಡೇ ವರ್ಷಕ್ಕೆ ಸೊರಗಿದರೆ ನಾವು ಮೊದಲು ಬೈಯುವುದು ಚಾರ್ಜರನ್ನು. ಆದರೆ 18 ವಾಟ್‌ನದಾಗಲಿ, 65 ವಾಟ್‌ನದಾಗಲಿ, ಬ್ಯಾಟರಿಗೆ ಎಷ್ಟು ಕರೆಂಟ್ ಬಿಡಬೇಕೆಂದು ತೀರ್ಮಾನಿಸುವುದು ಫೋನಿನೊಳಗಿನ ಚಿಪ್. ಬಿಐಎಸ್ ಗುರುತಿರುವ ಚಾರ್ಜರ್ ಕೊಳ್ಳಲೇಬೇಕು, ಅದು ಸುರಕ್ಷತೆಯ ವಿಷಯ. ಬ್ಯಾಟರಿಯ ಆಯಸ್ಸು ಹೆಚ್ಚಾಗಿ ನಿಂತಿರುವುದು ಅದು ಎಷ್ಟು ಹೊತ್ತು ತುಂಬಿಕೊಂಡಿರುತ್ತದೆ, ಎಷ್ಟು ಬಿಸಿಯಾಗಿರುತ್ತದೆ ಎಂಬುದರ ಮೇಲೆ.

ಫೋನ್ ಬ್ಯಾಟರಿಯೊಳಗಿನ ಲಿಥಿಯಂ ಅಯಾನ್ ಸೆಲ್ ಅರ್ಧ ತುಂಬಿದಾಗ ಸುಮಾರು 3.8 ವೋಲ್ಟ್‌ನಲ್ಲಿರುತ್ತದೆ. ಈಗಿನ ಫೋನುಗಳಲ್ಲಿ ಪೂರ್ತಿ ತುಂಬಿದಾಗ 4.4 ವೋಲ್ಟ್ ಆಸುಪಾಸಿಗೆ ಏರುತ್ತದೆ. ಆ ಎತ್ತರದಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಒಡೆಯುತ್ತದೆ, ಒಂದಿಷ್ಟು ಲಿಥಿಯಂ ಮತ್ತೆ ಕೆಲಸಕ್ಕೆ ಬಾರದಂತೆ ಪದರವಾಗಿ ಕೂರುತ್ತದೆ, ಗ್ಯಾಸ್ ಹುಟ್ಟುತ್ತದೆ. ಫೋನಿನ ಹಿಂಬದಿ ಉಬ್ಬುವುದು ಆ ಗ್ಯಾಸಿನಿಂದಲೇ. ಉಬ್ಬಿದ್ದು ಕಂಡರೆ ಒತ್ತಬೇಡಿ, ಚಾರ್ಜ್‌ಗೂ ಹಾಕಬೇಡಿ, ಬ್ಯಾಟರಿ ಬದಲಾಯಿಸಿಕೊಳ್ಳಿ.

ಒಂದು ಲೆಕ್ಕ ಹಾಕೋಣ. ದಿನಕ್ಕೆ ಶೇ. 60ರಷ್ಟು ಖರ್ಚಾಗುವ ಫೋನು. ಶೇ. 40ರಿಂದ 100ಕ್ಕೆ ತುಂಬಿದರೂ, 20ರಿಂದ 80ಕ್ಕೆ ತುಂಬಿದರೂ ವರ್ಷಕ್ಕೆ ಸುಮಾರು 219 ಸೈಕಲ್ಲೇ, ಅಂದರೆ 219 ಪೂರ್ತಿ ಚಾರ್ಜ್‌ಗಳಷ್ಟು ಬಳಕೆ. ಕೆಲಸ ಒಂದೇ, ಸವೆತ ಬೇರೆ. ರಾತ್ರಿ 11ಕ್ಕೆ ಚುಚ್ಚಿದ ಫೋನು 12:30ಕ್ಕೆ ತುಂಬಿ ಬೆಳಗ್ಗೆ 6:30ರವರೆಗೆ ಹಾಗೇ ಇದ್ದರೆ ದಿನಕ್ಕೆ 6 ಗಂಟೆ ಅತಿ ಎತ್ತರದ ವೋಲ್ಟೇಜ್. ವರ್ಷಕ್ಕೆ 2190 ಗಂಟೆ, ಅಂದರೆ 91 ದಿನ! ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ದಪ್ಪ ಕವರ್ ಹಾಕಿ ದಿಂಬಿನ ಪಕ್ಕ ಚಾರ್ಜ್ ಮಾಡಿದರೆ ಇದೇ ಸವೆತ ಇನ್ನೂ ಜೋರಾಗುತ್ತದೆ. ಫಾಸ್ಟ್ ಚಾರ್ಜರಿನ ನಿಜವಾದ ತೊಂದರೆಯೂ ಬಿಸಿಯೇ. ಮುಟ್ಟಿದರೆ ಫೋನು ಚುರುಗುಟ್ಟುವಂತಿದ್ದರೆ ಕವರ್ ತೆಗೆದು ಗಾಳಿಯಾಡುವಲ್ಲಿಡಿ.

ಗಡಿಯಾರ ನೋಡುತ್ತ ಕೂರಬೇಕಿಲ್ಲ. ಐಫೋನ್ 15 ಮತ್ತು ನಂತರದವುಗಳಲ್ಲಿ Settings > Battery > Charging ಒಳಗೆ 80% ಮಿತಿ ಇಡಬಹುದು. ಸ್ಯಾಮ್‌ಸಂಗ್‌ನ ಹೊಸ ಫೋನುಗಳಲ್ಲಿ Battery protection ಹುಡುಕಿ Maximum ಆರಿಸಿ. ಇಂಥ ಆಯ್ಕೆಯೇ ಇಲ್ಲದ ಫೋನನ್ನು ರಾತ್ರಿಯಿಡೀ ಚುಚ್ಚಿಡುವ ಬದಲು, ಬೆಳಗ್ಗೆ ಸ್ನಾನ ತಿಂಡಿಯ ಹೊತ್ತಿಗೆ ಹಾಕಿ ಹೊರಡುವಾಗ ತೆಗೆಯಿರಿ.

ಕೆಳಗಿನ ತುದಿಯೂ ಒಳ್ಳೆಯದಲ್ಲ, ಶೇ. 20ರ ಹತ್ತಿರ ಬಂದಾಗ ಚಾರ್ಜ್‌ಗೆ ಹಾಕಿ. ಬಳಸದ ಹಳೆಯ ಫೋನನ್ನು ಪೂರ್ತಿ ಖಾಲಿ ಮಾಡಿ ಬೀರುವಿನಲ್ಲಿಟ್ಟರೆ ಕೆಲವು ತಿಂಗಳ ಮೇಲೆ ಅದು ಏಳದೇ ಹೋಗಬಹುದು. ಅರ್ಧ ತುಂಬಿಸಿ, ಸ್ವಿಚ್ ಆಫ್ ಮಾಡಿ ಇಡಿ.

ದೂರದ ಪ್ರಯಾಣವಿದ್ದ ದಿನ ಶೇ. 100 ತುಂಬಿಸಿಕೊಂಡೇ ಹೋಗಿ, ತುಂಬಿದ್ದನ್ನು ಆಗಲೇ ಬಳಸಿದರೆ ನಷ್ಟ ಅತ್ಯಲ್ಪ. ತಿಂಗಳಿಗೊಮ್ಮೆ ಹಾಗೆ ತುಂಬಿಸುವುದರಿಂದ ಒಂದು ಉಪಯೋಗವೂ ಇದೆ: ಸದಾ ನಡುಮಟ್ಟದಲ್ಲೇ ಇರುವ ಫೋನಿನಲ್ಲಿ ಪರದೆಯ ಶೇಕಡಾ ಲೆಕ್ಕ ತಪ್ಪುತ್ತ ಹೋಗಬಹುದು, ಪೂರ್ತಿ ಚಾರ್ಜ್ ಆದಾಗ ಅದು ಮತ್ತೆ ಸರಿಹೋಗುತ್ತದೆ.