ಹೊಲಿಗೆ ಕಂಡರೆ ಸಾಲದು, ಎಲ್ಲಿಂದ ಎಲ್ಲಿಗೆ ಅಂತ ನೋಡಿ

"ನನ್ನ ಶೂ ಅಂಚಿನ ಸುತ್ತ ಹೊಲಿಗೆ ಇದೆ. ಸವೆದ ಮೇಲೆ ಹೊಸ ಸೋಲ್ ಹಾಕಿಸಬಹುದು ಅಲ್ವಾ?"

ಮೊದಲು ಶೂ ಒಳಗಿನ ಮೆತ್ತನೆ ಹಾಳೆ ಎತ್ತಿ ನೋಡಿ. ಸುತ್ತಲೂ ದಾರದ ಸಾಲು ಕಂಡರೆ, ಸೋಲನ್ನು ಒಳಗಿನಿಂದಲೇ ಹೊಲಿದಿದ್ದಾರೆ. ಬಿಚ್ಚಿ ಮತ್ತೆ ಹೊಲಿಯಬಹುದು, ಆದರೆ ಅದಕ್ಕೆ ಬೇರೆ ಮೆಷಿನ್ ಬೇಕು. ಒಳಗೆ ದಾರ ಕಾಣದಿದ್ದರೆ ಅಂಚಿನ ಪಟ್ಟಿ, ಅಂದರೆ ವೆಲ್ಟ್, ನೋಡಿ. ಅದರ ಮೇಲಿನ ಹೊಲಿಗೆ ಸೋಲಿನ ಕೆಳಗೂ ಹಾದು ಬಂದಿದ್ದರೆ ಒಳ್ಳೆಯದು. ಮೇಲಿನ ಚರ್ಮ ಮುಟ್ಟದೆ ಸೋಲ್ ಮಾತ್ರ ಬದಲಿಸಬಹುದು. ಕೆಳಗೆ ಏನೂ ಇಲ್ಲದಿದ್ದರೆ ಅದು ಬಹುತೇಕ ಸುಮ್ನೆ ಅಲಂಕಾರದ ಹೊಲಿಗೆ, ಸೋಲ್ ಅಂಟಿನಲ್ಲಿ ನಿಂತಿದೆ.

ಅಂಟಿಸಿದ್ದೆಲ್ಲ ಕಳಪೆ ಅಲ್ಲ. ರಬ್ಬರ್ ಸೋಲ್ ಬಾಯಿ ಬಿಟ್ಟರೆ ಹಳೇ ಅಂಟು ಉಜ್ಜಿ ತೆಗೆದು, ಎರಡೂ ಕಡೆ ಅಂಟು ಹಚ್ಚಿ ಒಣಗಲು ಬಿಟ್ಟು ಒತ್ತಿದರೆ ಚೆನ್ನಾಗಿ ಹಿಡಿಯುತ್ತದೆ. ಸೋಲ್ ಪಿಯು, ಅಂದರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್, ಆಗಿದ್ದರೆ ಕಥೆ ಬೇರೆ. ನನ್ನದೊಂದು ಜೋಡಿ ಮೂರು ವರ್ಷ ಕಪಾಟಿನಲ್ಲೇ ಇತ್ತು. ಹಾಕಿಕೊಂಡು ಜಯನಗರದಲ್ಲಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಹಿಮ್ಮಡಿ ಹಳೇ ರಸ್ಕ್ ಥರ ಪುಡಿಯಾಯಿತು. ಗಾಳಿಯ ತೇವ ಪಿಯುವನ್ನು ಒಳಗಿಂದಲೇ ಒಡೆಯುತ್ತದೆ, ಬಳಸದಿದ್ದರೂ. ರಸ್ತೆಬದಿಯ ರಿಪೇರಿಯವರು ಬೆರಳಲ್ಲಿ ಒತ್ತಿ ನೋಡಿ, "ಅಂಟು ಹಿಡಿಯೋಕೆ ಗಟ್ಟಿ ಜಾಗಾನೇ ಇಲ್ಲ ಸ್ವಾಮಿ" ಅಂದರು. ಪೂರ್ತಿ ಕಿತ್ತು ಬೇರೆ ರಬ್ಬರ್ ಸೋಲ್ ಹಾಕಿಸಬೇಕಾಯಿತು.

ಕ್ಯಾನ್ವಾಸ್ ಶೂಗಳಲ್ಲಿ ಹಸಿ ರಬ್ಬರ್ ಪಟ್ಟಿ ಸುತ್ತಿ, ಶೂ ಸಮೇತ ಬಿಸಿಯಲ್ಲಿ ಬೇಯಿಸುತ್ತಾರೆ. ಹಿಡಿತ ಬಹಳ ಗಟ್ಟಿ. ಆದರೆ ಸೋಲ್ ಬಿಡಿಸಲು ಹೋದರೆ ಬಟ್ಟೆಯೇ ಹರಿಯುತ್ತದೆ, ಹಾಗಾಗಿ ಹೊಸ ಸೋಲಿನ ಆಸೆ ಬೇಡ.