ಅಣಕು ಪದ್ಯ ಓದಲು ಮೂಲ ಪದ್ಯ ಗೊತ್ತಿರಲೇಬೇಕೇ?

ಪರ: ಗೊತ್ತಿರಲೇಬೇಕು

ಇಂಗ್ಲಿಷ್ ಲೇಖಕ ಲೂಯಿಸ್ ಕ್ಯಾರಲ್ 1865ರಲ್ಲಿ ಹೊರತಂದ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕಥೆಯ ಎರಡನೇ ಅಧ್ಯಾಯದಲ್ಲಿ ಪುಟ್ಟ ಮೊಸಳೆಯೊಂದರ ಪದ್ಯವಿದೆ. ಎಂಟೇ ಸಾಲು. ಮೊಸಳೆ ತನ್ನ ಹೊಳೆಯುವ ಬಾಲವನ್ನು ಇನ್ನಷ್ಟು ಚೆಂದ ಮಾಡಿಕೊಳ್ಳುತ್ತದೆ, ಬಂಗಾರದ ಬಣ್ಣದ ಹುರುಪೆಗಳ ಮೇಲೆಲ್ಲ ನೈಲ್ ನದಿಯ ನೀರು ಸುರಿದುಕೊಳ್ಳುತ್ತದೆ. ಆಮೇಲೆ ಉಗುರುಗಳನ್ನು ಒಪ್ಪವಾಗಿ ಹರಡಿ, ಮೆಲ್ಲಗೆ ನಗುತ್ತಾ ಬಾಯಿ ತೆರೆದು, ಮರಿಮೀನುಗಳನ್ನು ಒಳಗೆ ಬರಮಾಡಿಕೊಳ್ಳುತ್ತದೆ. ಇಷ್ಟನ್ನೇ ಓದಿದವರು ಗೇಲಿಯೆಲ್ಲ ಮೊಸಳೆಯದ್ದು ಅಂದುಕೊಳ್ಳುತ್ತಾರೆ. ಹೆಚ್ಚೆಂದರೆ, ನಗುನಗುತ್ತಲೇ ಕುತ್ತಿಗೆ ಕೊಯ್ಯುವ ಜನರನ್ನು ಕುರಿತದ್ದು ಅನ್ನುತ್ತಾರೆ.

ಈಗ ಮೂಲ ನೋಡಿ. ಐಸಾಕ್ ವಾಟ್ಸ್ ಎಂಬ ಪಾದ್ರಿ 1715ರಲ್ಲಿ ಮಕ್ಕಳಿಗಾಗಿ ಬರೆದ ಭಕ್ತಿಗೀತೆಗಳ ಪುಸ್ತಕದಲ್ಲಿ ಜೇನುಹುಳದ ಮೇಲೊಂದು ಪದ್ಯವಿದೆ. ಒಟ್ಟು ನಾಲ್ಕು ಚರಣ. ಹೊಳೆಯುವ ಒಂದೊಂದು ಗಳಿಗೆಯನ್ನೂ ಜೇನುಹುಳ ಹೇಗೆ ಸದುಪಯೋಗ ಮಾಡಿಕೊಳ್ಳುತ್ತದೆ, ಅರಳುವ ಹೂಹೂವಿನಿಂದಲೂ ಹೇಗೆ ಜೇನು ಕೂಡಿಹಾಕುತ್ತದೆ, ಮೇಣವನ್ನು ಎಷ್ಟು ಅಚ್ಚುಕಟ್ಟಾಗಿ ಹರಡುತ್ತದೆ ಎಂದು ಮೊದಲೆರಡು ಚರಣ ಹೊಗಳುತ್ತವೆ. ಕೊನೆಯೆರಡು ಚರಣ ನೀತಿ: ನಾನೂ ಹಾಗೆಯೇ ದುಡಿಯಬೇಕು, ಕೆಲಸವಿಲ್ಲದ ಕೈಗಳಿಗೆ ಸೈತಾನ ಏನಾದರೊಂದು ಕಿಡಿಗೇಡಿತನ ಹುಡುಕಿಕೊಡುತ್ತಾನೆ. ಇಂಗ್ಲೆಂಡಿನ ಮಕ್ಕಳು ತಲೆಮಾರುಗಳ ಕಾಲ ಇದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಕ್ಯಾರಲ್ ಎಲ್ಲೆಲ್ಲಿ ಕೈಯಾಡಿಸಿದ್ದಾನೆ ಅನ್ನುವುದು ಕಾಣುತ್ತದೆ. ಹೊಳೆಯುವ ಗಳಿಗೆ ಹೋಗಿ ಹೊಳೆಯುವ ಬಾಲ ಬಂತು. ಮೇಣ ಹರಡುವ ಅಚ್ಚುಕಟ್ಟುತನ ಉಗುರು ಹರಡುವ ಅಚ್ಚುಕಟ್ಟುತನವಾಯಿತು. ಅಂದರೆ ಈ ಮೊಸಳೆ ಸೋಮಾರಿಯಲ್ಲ. ವಾಟ್ಸ್ ಮೆಚ್ಚುವ ಗುಣಗಳೆಲ್ಲ ಅದರಲ್ಲಿವೆ: ಶುಚಿ, ಒಪ್ಪ ಓರಣ, ಹಸನ್ಮುಖ. ಪ್ರಾಣಿಗಳನ್ನು ನೋಡಿ ಮಕ್ಕಳು ನೀತಿ ಕಲಿಯಬೇಕು ಅನ್ನುವುದಾದರೆ ಈ ಪ್ರಾಣಿಯಿಂದ ಕಲಿಯಬೇಕಾದದ್ದು ಏನು? ಪದ್ಯ ಕೇಳುವುದು ಇದನ್ನೇ. ಅದು ಕುಟುಕುವುದು ಪ್ರಕೃತಿಯಲ್ಲಿ ತನಗೆ ಬೇಕಾದ ಒಂದು ಹುಳವನ್ನಷ್ಟೇ ಆರಿಸಿಕೊಂಡು ಮಕ್ಕಳಿಗೆ ಉಪದೇಶ ಮಾಡುವ ಪದ್ಧತಿಯನ್ನು.

ಇನ್ನೊಂದು ಸೂಕ್ಷ್ಮವಿದೆ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಮೂಲದ ವರ್ಣನೆಯ ಎರಡು ಚರಣಗಳಿಗೆ ಮಾತ್ರ ಕ್ಯಾರಲ್‌ನಲ್ಲಿ ಜೋಡಿ ಇದೆ. ನೀತಿಯ ಎರಡು ಚರಣಗಳ ಜಾಗ ಖಾಲಿ. ಮೀನುಗಳು ಬಾಯೊಳಗೆ ಹೋದಲ್ಲಿಗೆ ಪದ್ಯ ಮುಗಿಯುತ್ತದೆ. ಸೈತಾನನೂ ಇಲ್ಲ, 'ನಾನೂ ಹಾಗೆಯೇ ಆಗುವೆ' ಅನ್ನುವ ಮಗುವೂ ಇಲ್ಲ. ಏನು ಬಿಟ್ಟುಹೋಗಿದೆ ಅನ್ನುವುದು ಮೂಲ ಬಲ್ಲವರಿಗೆ ಮಾತ್ರ ಹೊಳೆಯುತ್ತದೆ. ಎಂಟು ಸಾಲು ಮಾತ್ರ ಕೈಯಲ್ಲಿರುವವರಿಗೆ ಅಲ್ಲೊಂದು ಖಾಲಿ ಜಾಗ ಇದೆ ಎಂದೇ ತಿಳಿಯುವುದಿಲ್ಲ.

ವಿರೋಧ: ಬೇಕೇಬೇಕು ಅಂತಿಲ್ಲ

ಮೂಲದ ನೆರವಿಲ್ಲದೆ ಗೇಲಿಯ ಗುರಿ ಕಾಣುವುದಿಲ್ಲ ಎನ್ನುವವರು ಆ ಪದ್ಯ ಬರುವ ಸನ್ನಿವೇಶವನ್ನು ಮರೆಯುತ್ತಾರೆ. ಆಲಿಸ್‌ಗೆ ತಾನು ತಾನೇ ಹೌದೋ ಅಲ್ಲವೋ ಎಂಬ ಗೊಂದಲ. ಪರೀಕ್ಷಿಸಿಕೊಳ್ಳಲು, ಪಾಠ ಒಪ್ಪಿಸುವವಳಂತೆ ಮಡಿಲಲ್ಲಿ ಕೈ ಜೋಡಿಸಿಕೊಂಡು ಪದ್ಯ ಹೇಳತೊಡಗುತ್ತಾಳೆ. ದನಿ ಒರಟಾಗಿ ಬರುತ್ತದೆ, ಪದಗಳು ಬೇರೆಯೇ ಬರುತ್ತವೆ. ಮುಗಿದ ಮೇಲೆ, ಇವು ಸರಿಯಾದ ಪದಗಳಲ್ಲ ಅನ್ನುತ್ತಾಳೆ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತದೆ. ಬಾಯಿಪಾಠದ ಭಯ, ತಪ್ಪಿದರೆ ತಾನು ದಡ್ಡಿ ಎಂಬ ಅಳುಕು ಎಲ್ಲವೂ ಅಲ್ಲೇ ಇವೆ. ವಾಟ್ಸ್‌ನ ಹೆಸರೇ ಕೇಳದ ಓದುಗರೂ ಗೇಲಿ ಯಾವ ಕಡೆಗೆ ತಿರುಗಿದೆ ಎಂದು ಇಷ್ಟರಲ್ಲೇ ಹಿಡಿಯಬಲ್ಲರು.

ಇನ್ನು ಮೂಲ 'ಗೊತ್ತಿರುವುದು' ಅಂದರೆ ಏನು? ಅಂದಿನ ಮಕ್ಕಳಿಗೆ ಆ ಪದ್ಯ ನಾಲಿಗೆಯ ಮೇಲಿತ್ತು. ಮೊದಲ ಮೂರು ಪದ ಕೇಳಿದರೆ ಸಾಕು, ಜೇನುಹುಳಕ್ಕೆ ಕಾಯುತ್ತಿದ್ದರು, ಮೊಸಳೆ ಬಂದಾಗ ಬೆಚ್ಚಿ ನಗುತ್ತಿದ್ದರು. ಇಂದು ನಮಗೆ ಜೇನುಹುಳ ಸಿಗುವುದು ಅಡಿಟಿಪ್ಪಣಿಯಲ್ಲಿ, ಅದೂ ಮೊಸಳೆಯನ್ನು ನೋಡಿಯಾದ ಮೇಲೆ. ಆ ಅಡಿಟಿಪ್ಪಣಿಯಿಂದ ಮಾಹಿತಿ ಸಿಗುತ್ತದೆ, ಆ ಬೆಚ್ಚುವಿಕೆ ಸಿಗುವುದಿಲ್ಲ. ಜೊತೆಗೆ ವಾಟ್ಸ್‌ಗೂ ಅನ್ಯಾಯ. ಅವನ ಸರಳವಾದ, ಲಯ ತಪ್ಪದ ಪದ್ಯವನ್ನು ನಾವು ನಗೆಪಾಟಲಿಗೆಂದೇ ಎತ್ತಿಕೊಂಡು ಓದುತ್ತೇವೆ.

ಮೂಲ ಕಂಠಪಾಠವಿದ್ದರೂ ಗುರಿ ಕಾಣದ ಪದ್ಯವೊಂದು ಅದೇ ಪುಸ್ತಕದಲ್ಲಿದೆ. ಜೇನ್ ಟೇಲರ್ 1806ರಲ್ಲಿ ಪ್ರಕಟಿಸಿದ 'ಟ್ವಿಂಕಲ್ ಟ್ವಿಂಕಲ್' ನಮ್ಮೂರ ಎಲ್‌ಕೆಜಿ ಮಕ್ಕಳಿಗೂ ಬರುತ್ತದೆ. ಏಳನೇ ಅಧ್ಯಾಯದಲ್ಲಿ ಟೋಪಿ ಮಾರುವವನು ಅದನ್ನು ಹಾಡುವಾಗ ನಕ್ಷತ್ರದ ಬದಲು ಬಾವಲಿ ಬರುತ್ತದೆ, ಅದು ಚಹಾದ ಟ್ರೇ ಥರ ಆಕಾಶದಲ್ಲಿ ಹಾರುತ್ತದೆ. ಬಾವಲಿಯೇ ಯಾಕೆ? ಮೂಲವನ್ನು ಎಷ್ಟು ಸಲ ಓದಿದರೂ ಉತ್ತರ ಸಿಗುವುದಿಲ್ಲ. ಕ್ಯಾರಲ್‌ಗೆ ಪಾಠ ಹೇಳಿದ್ದ ಆಕ್ಸ್‌ಫರ್ಡಿನ ಗಣಿತದ ಪ್ರಾಧ್ಯಾಪಕ ಬಾರ್ತಲೋಮ್ಯು ಪ್ರೈಸ್ ಅವರ ಅಡ್ಡಹೆಸರು 'ಬ್ಯಾಟ್', ಅಂದರೆ ಬಾವಲಿ; ಚೇಷ್ಟೆ ಅವರನ್ನು ಕುರಿತದ್ದಿರಬೇಕು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅದು ನಿಜವಾದರೆ, ಆ ಗುರಿಯನ್ನು ಗುರುತಿಸಲು ಬೇಕಾದದ್ದು ಆಕ್ಸ್‌ಫರ್ಡಿನ ಒಳಮಾತು. ಟೇಲರ್‌ಳ ಪದ್ಯದಿಂದ ಸಿಗುವುದು ಹಾಡಿಕೊಳ್ಳಲು ಒಂದು ಧಾಟಿ ಮಾತ್ರ.